ಓಟಕ್ಕೆ ಮುನ್ನ ಬೀಟ್‌ರೂಟ್ ರಸ: ಯಾರಿಗೆ ದಕ್ಕೀತು?

ವ್ಯಾಯಾಮ ವಿಜ್ಞಾನದ ಪುಸ್ತಕಗಳಲ್ಲಿ ಬಹುಕಾಲ ಯಾರೂ ಪ್ರಶ್ನಿಸದ ಒಂದು ಮಾತಿತ್ತು. ಸೈಕಲ್ ತುಳಿಯುವ ಮನುಷ್ಯನಿಗೆ ಇಂತಿಷ್ಟು ಕೆಲಸಕ್ಕೆ ಇಂತಿಷ್ಟು ಆಮ್ಲಜನಕ ಬೇಕೇ ಬೇಕು ಎಂಬುದೇ ಆ ಮಾತು. ತರಬೇತಿಯಿಂದ ಒಟ್ಟು ಸಾಮರ್ಥ್ಯ ಹೆಚ್ಚಬಹುದು, ಇನ್ನೂ ಜೋರಾಗಿ ತುಳಿಯಬಹುದು. ಆದರೆ ಅದೇ ಭಾರವನ್ನು ಅದೇ ವೇಗದಲ್ಲಿ ತುಳಿದರೆ ಆಮ್ಲಜನಕದ ಖರ್ಚು ಹೆಚ್ಚುಕಡಿಮೆ ಅಷ್ಟೇ ಎಂದು ಎಲ್ಲರೂ ನಂಬಿದ್ದರು. 2007ರಲ್ಲಿ ಸ್ಟಾಕ್‌ಹೋಮ್‌ನ ಕರೋಲಿನ್ಸ್ಕಾ ಸಂಸ್ಥೆಯ ಫಿಲಿಪ್ ಲಾರ್ಸೆನ್, ಎಡ್ಡಿ ವೈಟ್ಸ್‌ಬರ್ಗ್, ಯೋನ್ ಲುಂಡ್‌ಬರ್ಗ್ ಮತ್ತು ಅವರ ಜೊತೆಗಾರರು ಈ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟರು. ಚೆನ್ನಾಗಿ ಪಳಗಿದ ಒಂಬತ್ತು ಯುವಕರಿಗೆ ಮೂರು ದಿನ ಸೋಡಿಯಂ ನೈಟ್ರೇಟ್ ಕೊಟ್ಟು ಸೈಕಲ್ ತುಳಿಸಿದಾಗ, ಮೈಗೆ ಅಷ್ಟೇನೂ ಭಾರವೆನಿಸದ ಹಂತಗಳಲ್ಲಿ ಅವರು ಬಳಸಿದ ಆಮ್ಲಜನಕ ನಿಮಿಷಕ್ಕೆ ಸರಾಸರಿ 2.98 ಲೀಟರಿನಿಂದ 2.82 ಲೀಟರಿಗೆ ಇಳಿದಿತ್ತು. ಕೆಲಸ ಅದೇ, ಖರ್ಚು ಮಾತ್ರ ಸುಮಾರು ಶೇ 5ರಷ್ಟು ಕಡಿಮೆ.

ಆ ನೈಟ್ರೇಟ್ ಯಾವುದೋ ಅಪರೂಪದ ರಾಸಾಯನಿಕವಲ್ಲ. ನಾವು ದಿನವೂ ತಿನ್ನುವ ಸೊಪ್ಪು ತರಕಾರಿಗಳು ಮಣ್ಣಿನಿಂದ ಹೀರಿಕೊಳ್ಳುವ ವಸ್ತು ಅದು. ಪಾಲಕ್‌ನಲ್ಲಿ, ದಂಟಿನ ಸೊಪ್ಪಿನಲ್ಲಿ, ಮೂಲಂಗಿಯಲ್ಲಿ, ಎಲ್ಲಕ್ಕಿಂತ ಸುಲಭವಾಗಿ ಕುಡಿಯಬಹುದಾದ ರೂಪದಲ್ಲಿ ಬೀಟ್‌ರೂಟ್‌ನಲ್ಲಿ ಅದು ಧಾರಾಳವಾಗಿದೆ. ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ಆಂಡ್ರ್ಯೂ ಜೋನ್ಸ್ ಅವರ ತಂಡ ಲವಣವನ್ನು ಪಕ್ಕಕ್ಕಿಟ್ಟು ತರಕಾರಿಯನ್ನೇ ಕೈಗೆತ್ತಿಕೊಂಡಿತು. 2009ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಎಂಟು ಗಂಡಸರು ಆರು ದಿನ, ದಿನಕ್ಕೆ ಅರ್ಧ ಲೀಟರ್ ಬೀಟ್‌ರೂಟ್ ರಸ ಕುಡಿದರು. ಬೇರೊಂದು ಸುತ್ತಿನಲ್ಲಿ ಅದೇ ಜನ ನೈಟ್ರೇಟ್ ಇಲ್ಲದ ಹಣ್ಣಿನ ಪಾನಕ ಕುಡಿದರು. ತೀವ್ರವಾದ ಒಂದೇ ಹದದಲ್ಲಿ ಇನ್ನಾಗದು ಎನ್ನುವವರೆಗೆ ತುಳಿಸಿದಾಗ ಪಾನಕ ಕುಡಿದಾಗ ಅವರು ಸರಾಸರಿ 583 ಸೆಕೆಂಡು ತಡೆದುಕೊಂಡರೆ, ರಸ ಕುಡಿದಾಗ 675 ಸೆಕೆಂಡು ತಡೆದುಕೊಂಡರು. ಒಂದೂವರೆ ನಿಮಿಷ ಹೆಚ್ಚು. ಸುದ್ದಿ ಜಗತ್ತಿನೆಲ್ಲೆಡೆ ಹರಡಿತು. ಬೀಟ್‌ರೂಟ್ ಕುಡಿದರೆ ಶೇ 16ರಷ್ಟು ಹೆಚ್ಚು ಓಡಬಹುದು ಎಂಬ ಮಾತು ಹುಟ್ಟಿದ್ದು ಇಲ್ಲಿಂದಲೇ. ಆ ಮಾತಿನಲ್ಲಿ ಒಂದು ದೊಡ್ಡ ಗೊಂದಲವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಅನುಮಾನ ಸಹಜವಾಗಿಯೇ ಬಂತು. ಕೆಂಪು ರಸಕ್ಕೂ ಹಣ್ಣಿನ ಪಾನಕಕ್ಕೂ ರುಚಿಯಲ್ಲಿ ಅಜಗಜಾಂತರ. ತಾನು ಕುಡಿದದ್ದು ಏನೆಂದು ಗೊತ್ತಾದವನು ಹುರುಪಿನಿಂದ ಹೆಚ್ಚು ತುಳಿದಿರಬಹುದಲ್ಲವೇ? ಬೀಟ್‌ರೂಟ್‌ನಲ್ಲಿ ಬಣ್ಣದ ಅಂಶಗಳು, ಇತರ ಸತ್ವಗಳೂ ಇವೆಯಲ್ಲ, ಪರಿಣಾಮ ಅವುಗಳದ್ದಾಗಿರಬಾರದೇಕೆ? ಇದಕ್ಕೆ ಸಂಶೋಧಕರು ಕಂಡುಕೊಂಡ ಉಪಾಯ ಅಚ್ಚುಕಟ್ಟಾಗಿತ್ತು. ಬೀಟ್‌ರೂಟ್ ರಸವನ್ನೇ ವಿಶೇಷ ರಾಳವೊಂದರ ಮೂಲಕ ಹಾಯಿಸಿ ಅದರಲ್ಲಿನ ನೈಟ್ರೇಟನ್ನಷ್ಟೇ ತೆಗೆದುಬಿಟ್ಟರು. ಬಣ್ಣ, ವಾಸನೆ, ರುಚಿ ಎಲ್ಲ ಹಾಗೇ ಉಳಿಯಿತು. 2011ರಲ್ಲಿ ಅದೇ ಎಕ್ಸೆಟರ್ ತಂಡ ಇಂಥ ಖಾಲಿ ರಸವನ್ನೂ ಅಸಲಿ ರಸವನ್ನೂ ಹೋಲಿಸಿ ನೋಡಿದಾಗ ನಡಿಗೆಯಲ್ಲೂ ಓಟದಲ್ಲೂ ಆಮ್ಲಜನಕದ ಉಳಿತಾಯ ಕಂಡದ್ದು ಅಸಲಿ ರಸದಲ್ಲಿ ಮಾತ್ರ. ಅಲ್ಲಿಗೆ ನೈಟ್ರೇಟ್ ಪಾತ್ರ ಖಚಿತವಾಯಿತು.

ನುಂಗಿದ ನೈಟ್ರೇಟ್ ಸ್ನಾಯುವಿಗೆ ತಲುಪುವ ದಾರಿ ಸುತ್ತುಬಳಸಿನದು. ರಸ ಯಾವಾಗ ಕುಡಿಯಬೇಕು, ಯಾವುದು ಅದನ್ನು ಕೆಡಿಸುತ್ತದೆ, ಇವೆಲ್ಲ ತಿಳಿಯುವುದು ಆ ದಾರಿ ಗೊತ್ತಿದ್ದರೆ ಮಾತ್ರ. ಕುಡಿದ ರಸ ಹೊಟ್ಟೆ, ಕರುಳು ದಾಟಿ ನೈಟ್ರೇಟ್ ರಕ್ತಕ್ಕೆ ಸೇರುತ್ತದೆ. ಅದರಲ್ಲಿ ಬಹುಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಆದರೆ ಸುಮಾರು ಕಾಲುಭಾಗವನ್ನು ನಮ್ಮ ಜೊಲ್ಲು ಗ್ರಂಥಿಗಳು ರಕ್ತದಿಂದ ಹೆಕ್ಕಿ ಮತ್ತೆ ಬಾಯಿಗೇ ತಂದು ಸುರಿಯುತ್ತವೆ. ಜೊಲ್ಲಿನಲ್ಲಿ ನೈಟ್ರೇಟ್ ಸಾಂದ್ರತೆ ರಕ್ತದಲ್ಲಿರುವುದರ ಹತ್ತು ಪಟ್ಟಿಗೂ ಮೀರುತ್ತದೆ. ಒಮ್ಮೆ ನುಂಗಿದ್ದನ್ನು ದೇಹ ಇಷ್ಟು ಕಷ್ಟಪಟ್ಟು ಮತ್ತೆ ಬಾಯಿಗೆ ತರುವುದೇಕೆ? ಉತ್ತರ ನಾಲಿಗೆಯ ಹಿಂಭಾಗದಲ್ಲಿದೆ. ಅಲ್ಲಿನ ಸಣ್ಣ ಸಣ್ಣ ಸಂದುಗಳಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟ್ ಆಗಿ ಬದಲಿಸುತ್ತವೆ. ಈ ಕೆಲಸ ಮನುಷ್ಯನ ಜೀವಕೋಶಗಳಿಂದ ಹೇಳಿಕೊಳ್ಳುವಷ್ಟು ಆಗುವುದಿಲ್ಲ. ನಾವು ಮತ್ತೆ ಜೊಲ್ಲು ನುಂಗುತ್ತೇವೆ, ನೈಟ್ರೈಟ್ ರಕ್ತಕ್ಕೆ ಸೇರುತ್ತದೆ. ಆಮ್ಲಜನಕ ಕಡಿಮೆಯಿರುವ, ಹುಳಿಯ ಅಂಶ ಹೆಚ್ಚಿರುವ ಜಾಗದಲ್ಲಿ, ಅಂದರೆ ದುಡಿದು ದಣಿಯುತ್ತಿರುವ ಸ್ನಾಯುವಿನಲ್ಲಿ, ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲವಾಗುತ್ತದೆ. ರಕ್ತನಾಳಗಳನ್ನು ಸಡಿಲಿಸುವ ಈ ಅನಿಲದ ಪಾತ್ರವನ್ನು ಕಂಡುಹಿಡಿದದ್ದಕ್ಕೇ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಅವರಿಗೆ 1998ರಲ್ಲಿ ನೊಬೆಲ್ ಬಂದದ್ದು.

ಈ ಸುತ್ತುದಾರಿ ಬರೀ ಊಹೆಯಲ್ಲ. 2008ರಲ್ಲಿ ಲಂಡನ್ನಿನ ಅಮೃತಾ ಅಹ್ಲುವಾಲಿಯಾ ಅವರ ತಂಡ ಆರೋಗ್ಯವಂತರಿಗೆ ಅರ್ಧ ಲೀಟರ್ ಬೀಟ್‌ರೂಟ್ ರಸ ಕುಡಿಸಿ ರಕ್ತದೊತ್ತಡ ಅಳೆಯಿತು. ಎರಡೂವರೆ ಮೂರು ಗಂಟೆ ಹೊತ್ತಿಗೆ ಮೇಲಿನ ಒತ್ತಡ ಸುಮಾರು 10 ಅಂಕ ಇಳಿದಿತ್ತು. ಆಮೇಲೆ ಅವರು ಮಾಡಿದ್ದು ಸರಳವಾದ ಒಂದು ಬದಲಾವಣೆ. ರಸ ಕುಡಿದವರಿಗೆ ಕೆಲವು ಗಂಟೆ ಜೊಲ್ಲು ನುಂಗದೆ ಉಗುಳುತ್ತಿರಿ ಎಂದರು. ರಕ್ತದಲ್ಲಿ ನೈಟ್ರೇಟ್ ಏರಿತು, ಆದರೆ ನೈಟ್ರೈಟ್ ಏರಲಿಲ್ಲ, ರಕ್ತದೊತ್ತಡವೂ ಹಾಗೆ ಇಳಿಯಲಿಲ್ಲ. ಬ್ಯಾಕ್ಟೀರಿಯಾ ಕೊಲ್ಲುವ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿದರೂ ನೈಟ್ರೈಟ್ ಏರುವುದು ಹೆಚ್ಚುಕಡಿಮೆ ನಿಂತುಹೋಗುತ್ತದೆ ಎಂದು ಅದೇ ಕಾಲದಲ್ಲಿ ಸ್ವೀಡನ್ನಿನಲ್ಲಿ ತೋರಿಸಿದರು. ಹಲ್ಲಿನ ಡಾಕ್ಟರು ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಇದ್ದರಂತೂ ಬೀಟ್‌ರೂಟ್ ಕುಡಿದ ಫಲ ಕೈತಪ್ಪಿತು ಎಂದೇ ಲೆಕ್ಕ. ಎಷ್ಟೋ ಓಟಗಾರರು ರಸ ಕುಡಿದು, ಅದರ ಮಣ್ಣು ವಾಸನೆ ಹೋಗಲೆಂದು ಮೌತ್‌ವಾಶ್ ಹಾಕಿ ಮುಕ್ಕಳಿಸುತ್ತಾರೆ. ಅವರಿಗೆ ಹೇಳಬೇಕಾದ್ದು ಒಂದೇ: ನೀರಿನಿಂದ ಮುಕ್ಕಳಿಸಿ, ಸಾಕು. ಹಲ್ಲುಜ್ಜುವುದರಿಂದ ತೊಂದರೆಯಿಲ್ಲ.

ಕುಡಿದ ಕೂಡಲೇ ಓಡಿದರೆ ಪ್ರಯೋಜನವಿಲ್ಲ ಎಂಬುದೂ ಈ ದಾರಿಯಿಂದಲೇ ಗೊತ್ತಾಗುತ್ತದೆ. ಕರುಳು, ರಕ್ತ, ಜೊಲ್ಲು, ನಾಲಿಗೆ, ಮತ್ತೆ ಹೊಟ್ಟೆ, ಮತ್ತೆ ರಕ್ತ. ಇಷ್ಟು ಸುತ್ತಿ ನೈಟ್ರೈಟ್ ಗರಿಷ್ಠ ಮಟ್ಟಕ್ಕೆ ಬರಲು ಎರಡರಿಂದ ಮೂರು ಗಂಟೆ ಬೇಕು. ಒಂದು ದಿನ ಕಳೆಯುವಷ್ಟರಲ್ಲಿ ಅದು ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ.

ಸ್ನಾಯುವಿನೊಳಗೆ ಆಮ್ಲಜನಕ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಮೊದಲು ಸಿಕ್ಕ ಉತ್ತರ ಬಹಳ ಆಕರ್ಷಕವಾಗಿತ್ತು. ಜೀವಕೋಶದ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳೇ ಹೆಚ್ಚು ಮೈಲೇಜ್ ಕೊಡತೊಡಗುತ್ತವೆ, ಅಂದರೆ ಅಷ್ಟೇ ಆಮ್ಲಜನಕದಲ್ಲಿ ಹೆಚ್ಚು ಶಕ್ತಿ ತಯಾರಿಸುತ್ತವೆ ಎಂದು 2011ರಲ್ಲಿ ಸ್ಟಾಕ್‌ಹೋಮ್ ತಂಡ ವರದಿ ಮಾಡಿತು. 2016ರಲ್ಲಿ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು ಅದನ್ನೇ ಮತ್ತೆ ಪರೀಕ್ಷಿಸಿದಾಗ ಆಮ್ಲಜನಕದ ಉಳಿತಾಯ ಕಂಡಿತು, ಮೈಟೊಕಾಂಡ್ರಿಯಾಗಳಲ್ಲಿ ಮಾತ್ರ ಬದಲಾವಣೆ ಕಾಣಲಿಲ್ಲ. ಈಗ ಒಲವು ಇನ್ನೊಂದು ವಿವರಣೆಯ ಕಡೆಗಿದೆ. ಸ್ನಾಯು ಬಿಗಿದು ಸಡಿಲವಾಗುವ ಪ್ರತಿ ಸಲವೂ ಅದರೊಳಗಿನ ಕ್ಯಾಲ್ಸಿಯಂ ಅತ್ತಿಂದಿತ್ತ ಸಾಗಬೇಕು, ಅದಕ್ಕೂ ಶಕ್ತಿ ಖರ್ಚಾಗುತ್ತದೆ. ನೈಟ್ರೇಟ್ ಸಿಕ್ಕ ಸ್ನಾಯು ಅಷ್ಟೇ ಬಲವನ್ನು ಕಡಿಮೆ ಖರ್ಚಿನಲ್ಲಿ ಹೊಮ್ಮಿಸುತ್ತದೆ, ಅದರಲ್ಲೂ ವೇಗವಾಗಿ ಬಿಗಿಯುವ ಬಗೆಯ ಎಳೆಗಳಲ್ಲಿ ಈ ಪರಿಣಾಮ ಹೆಚ್ಚು ಎಂಬುದು ಆ ವಿವರಣೆ. ಇದನ್ನು ನೆನಪಿಟ್ಟುಕೊಂಡರೆ ಮುಂದಿನ ಮಾತು ಸುಲಭವಾಗಿ ಅರ್ಥವಾಗುತ್ತದೆ.

ಈಗ ಆ ಶೇ 16ರ ವಿಷಯ. ಪ್ರಯೋಗಾಲಯದಲ್ಲಿ ಎರಡು ಬಗೆಯ ಪರೀಕ್ಷೆಗಳಿವೆ. ಒಂದರಲ್ಲಿ ವೇಗವನ್ನು ಕಟ್ಟುನಿಟ್ಟಾಗಿ ನಿಗದಿ ಮಾಡಿ, ಸುಸ್ತಾಗಿ ಬೀಳುವವರೆಗೆ ಎಷ್ಟು ಹೊತ್ತು ತಡೆದುಕೊಳ್ಳುತ್ತೀರಿ ಎಂದು ನೋಡುತ್ತಾರೆ. ಇನ್ನೊಂದರಲ್ಲಿ ದೂರವನ್ನು ನಿಗದಿ ಮಾಡಿ, ಎಷ್ಟು ಬೇಗ ಮುಗಿಸುತ್ತೀರಿ ಎಂದು ನೋಡುತ್ತಾರೆ. ರೇಸ್ ಎಂದರೆ ಎರಡನೆಯದೇ. ತಡೆದುಕೊಳ್ಳುವ ಹೊತ್ತು ಬಹಳ ಸೂಕ್ಷ್ಮ. ನಿಮ್ಮ ಮಿತಿಗಿಂತ ತುಸುವೇ ಮೇಲಿನ ವೇಗದಲ್ಲಿ ಓಡುತ್ತಿದ್ದರೆ, ಸಾಮರ್ಥ್ಯ ಒಂದು ಚೂರು ಹೆಚ್ಚಿದರೂ ತಡೆದುಕೊಳ್ಳುವ ಹೊತ್ತು ಬಹಳಷ್ಟು ಹಿಗ್ಗುತ್ತದೆ. ಹಾಗಾಗಿ ತಡೆದುಕೊಳ್ಳುವ ಹೊತ್ತು ಶೇ 15ರಷ್ಟು ಹೆಚ್ಚಿತು ಎಂದರೆ ರೇಸಿನ ಸಮಯದಲ್ಲಿ ಸಿಗುವ ಲಾಭ ಶೇ 1 ಅಥವಾ 2 ಎಂದು ತಿಳಿಯಬೇಕು. ಕ್ಲಬ್ ಮಟ್ಟದ ಒಂಬತ್ತು ಸೈಕಲ್ ಸ್ಪರ್ಧಿಗಳ ಮೇಲೆ 2011ರಲ್ಲಿ ನಡೆದ ಪ್ರಯೋಗದಲ್ಲಿ 4 ಕಿ.ಮೀ. ಮತ್ತು 16.1 ಕಿ.ಮೀ. ದೂರಗಳೆರಡರಲ್ಲೂ ಸಮಯ ಸುಮಾರು ಶೇ 2.7ರಷ್ಟು ತಗ್ಗಿತು. ಇದು ಸಿಕ್ಕ ಫಲಿತಾಂಶಗಳಲ್ಲಿ ಉತ್ತಮವಾದದ್ದು. ಮರುವರ್ಷ 50 ಮೈಲಿಯ ಸೈಕಲ್ ಓಟದಲ್ಲಿ ನೋಡಿದಾಗ ಉಳಿತಾಯ ಶೇ 1ಕ್ಕೂ ಕಡಿಮೆಯಿತ್ತು, ಅದನ್ನೂ ಆಕಸ್ಮಿಕ ಎನ್ನಬಹುದಾಗಿತ್ತು. ಒಟ್ಟಾರೆ ನೋಡಿದರೆ ಐದು ನಿಮಿಷದಿಂದ ಅರ್ಧ ಗಂಟೆಯವರೆಗಿನ ಏದುಸಿರಿನ ಪ್ರಯತ್ನಗಳಲ್ಲಿ ಪುರಾವೆ ಗಟ್ಟಿಯಾಗಿದೆ, ಹೊತ್ತು ಹೆಚ್ಚಿದಂತೆ ಅದು ತೆಳುವಾಗುತ್ತದೆ. ಫುಲ್ ಮ್ಯಾರಥಾನ್ ಓಡುವವರಿಗೆ ಇದರಿಂದ ಖಚಿತ ಲಾಭವಿದೆ ಎನ್ನಲು ನನಗೆ ಧೈರ್ಯವಿಲ್ಲ.

ಲಾಭ ಯಾರಿಗೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಹಲವರಿಗೆ ಅನಿರೀಕ್ಷಿತ. ಮೇಲುಮಟ್ಟದ ಕ್ರೀಡಾಪಟುಗಳಿಗೆ ಇದು ಬಹುತೇಕ ಕೆಲಸ ಮಾಡುವುದಿಲ್ಲ. 2013ರಲ್ಲಿ ಉನ್ನತ ಮಟ್ಟದ ಸೈಕಲ್ ಸ್ಪರ್ಧಿಗಳ ಮೇಲೆ ನಡೆದ ಅಧ್ಯಯನದಲ್ಲಿ ಆಮ್ಲಜನಕದ ಖರ್ಚಾಗಲೀ ಸಮಯವಾಗಲೀ ಬದಲಾಗಲಿಲ್ಲ. 2014ರಲ್ಲಿ 1500 ಮೀಟರ್ ಓಟದ ಉನ್ನತ ಸ್ಪರ್ಧಿಗಳಲ್ಲಿ ಸರಾಸರಿಯಾಗಿ ಏನೂ ಕಾಣಲಿಲ್ಲ, ಇಬ್ಬರು ಮಾತ್ರ ಎದ್ದುಕಾಣುವಂತೆ ಸುಧಾರಿಸಿದರು. 2015ರಲ್ಲಿ ಇಟಲಿಯ ಸಿಮೋನೆ ಪೋರ್ಚೆಲ್ಲಿ ಮತ್ತು ಜೊತೆಗಾರರು ಬೇರೆ ಬೇರೆ ಸಾಮರ್ಥ್ಯದವರನ್ನು ಮೂರು ಗುಂಪು ಮಾಡಿ 3 ಕಿ.ಮೀ. ಓಡಿಸಿದರು. ಕಡಿಮೆ ಹಾಗೂ ಮಧ್ಯಮ ಸಾಮರ್ಥ್ಯದವರ ಸಮಯ ತಗ್ಗಿತು, ಅತಿ ಹೆಚ್ಚು ಸಾಮರ್ಥ್ಯದವರದ್ದು ತಗ್ಗಲಿಲ್ಲ.

ಕಾರಣ ಊಹಿಸುವುದು ಕಷ್ಟವಲ್ಲ. ವರ್ಷಗಟ್ಟಲೆ ಓಡಿದ ದೇಹ ನೈಟ್ರಿಕ್ ಆಕ್ಸೈಡನ್ನು ತಾನೇ ಚೆನ್ನಾಗಿ ತಯಾರಿಸಿಕೊಳ್ಳುತ್ತದೆ. ಅದರ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳ ಜಾಲ ದಟ್ಟವಾಗಿರುವುದರಿಂದ ಆಮ್ಲಜನಕದ ಕೊರತೆ ಬೇಗ ಬರುವುದಿಲ್ಲ, ಕೊರತೆಯೇ ಇಲ್ಲದಲ್ಲಿ ನೈಟ್ರೈಟ್ ಅಷ್ಟಾಗಿ ಕೆಲಸ ಮಾಡುವುದಿಲ್ಲ. ದೂರ ಓಡುವವರ ಸ್ನಾಯುಗಳಲ್ಲಿ ನಿಧಾನವಾಗಿ ಬಿಗಿಯುವ ಎಳೆಗಳೇ ಹೆಚ್ಚು, ನೈಟ್ರೇಟ್ ಚುರುಕು ತೋರಿಸುವುದು ವೇಗದ ಎಳೆಗಳಲ್ಲಿ. ಹೀಗಾಗಿ ಬೀಟ್‌ರೂಟ್ ರಸ ಜಾಹೀರಾತಿನಲ್ಲಿ ಪದಕ ಗೆದ್ದವರ ಕೈಯಲ್ಲಿದ್ದರೂ ಅದು ಹೆಚ್ಚು ಒದಗುವುದು ವಾರಕ್ಕೆ ಮೂರು ನಾಲ್ಕು ದಿನ ಓಡುವ, ಆಫೀಸು ಮನೆ ಎರಡನ್ನೂ ಸಂಭಾಳಿಸುವ ಸಾಮಾನ್ಯ ಓಟಗಾರರಿಗೆ.

ಅದೂ ಗಂಡಸರಿಗೆ ಎಂದು ಸೇರಿಸಬೇಕಾದ ಪರಿಸ್ಥಿತಿ ಇದೆ, ಅದು ನನಗೆ ಬೇಸರದ ವಿಷಯ. ಮೇಲೆ ಹೇಳಿದ ಮೂಲ ಪ್ರಯೋಗಗಳು ನಡೆದದ್ದು ಗಂಡಸರ ಮೇಲೆ. 2019ರಲ್ಲಿ ಗ್ವೆಲ್ಫ್‌ನಲ್ಲಿ ಹೆಣ್ಣುಮಕ್ಕಳ ಮೇಲೆಯೇ ಒಂದು ಅಧ್ಯಯನ ನಡೆಯಿತು. ಎಂಟು ದಿನ ರಸ ಕುಡಿದರೂ ಅವರ ಆಮ್ಲಜನಕದ ಖರ್ಚಾಗಲೀ ಸೈಕಲ್ ಓಟದ ಸಮಯವಾಗಲೀ ಸುಧಾರಿಸಲಿಲ್ಲ. ಹೆಂಗಸರ ರಕ್ತದಲ್ಲಿ ನೈಟ್ರೈಟ್ ಮಟ್ಟ ಸಹಜವಾಗಿಯೇ ಹೆಚ್ಚಿರುತ್ತದೆ, ಸ್ನಾಯುಗಳ ಎಳೆಗಳ ಹಂಚಿಕೆಯೂ ತುಸು ಬೇರೆ, ಅದಕ್ಕೇ ಹೀಗೆ ಎಂಬ ವಾದವಿದೆ. ಒಂದು ಅಧ್ಯಯನದಿಂದ ತೀರ್ಮಾನಕ್ಕೆ ಬರಬಾರದು ನಿಜ. ಆದರೆ ಗಂಡಸರ ಅಂಕಿಗಳನ್ನು ಹೆಣ್ಣುಮಕ್ಕಳಿಗೆ ಹಾಗೇ ಅನ್ವಯಿಸುವುದು ಅದಕ್ಕಿಂತ ದೊಡ್ಡ ತಪ್ಪು.

ಲೆಕ್ಕವನ್ನು ಒಬ್ಬರ ಮೇಲಿಟ್ಟು ನೋಡೋಣ. ಬೆಂಗಳೂರಿನಲ್ಲಿ ಪ್ರತಿವರ್ಷ ನಡೆಯುವ ವರ್ಲ್ಡ್ 10ಕೆ ಓಟಕ್ಕೆ ಹೆಸರು ಕೊಟ್ಟಿರುವ ನಲವತ್ತೈದರ ಆಸುಪಾಸಿನ ಒಬ್ಬರಿದ್ದಾರೆ ಎಂದುಕೊಳ್ಳಿ. ತೂಕ 70 ಕೆ.ಜಿ., ಹತ್ತು ಕಿ.ಮೀ. ಓಡಲು ಅವರಿಗೆ ಒಂದು ಗಂಟೆ ಬೇಕು. ಯಾವ ಕಾಯಿಲೆಯೂ ಇಲ್ಲ, ಮಾತ್ರೆಯೂ ಇಲ್ಲ. ಒಂದು ಗಂಟೆಯಲ್ಲಿ ಶೇ 1 ಎಂದರೆ 36 ಸೆಕೆಂಡು, ಶೇ 2 ಎಂದರೆ 72 ಸೆಕೆಂಡು. ಎಲ್ಲವೂ ಸರಿಹೋದರೆ ಅವರು ನಿರೀಕ್ಷಿಸಬಹುದಾದ್ದು ಇಷ್ಟು. ಐವತ್ತೊಂಬತ್ತು ನಿಮಿಷಗಳ ಆಸೆಯಿಟ್ಟುಕೊಂಡವರಿಗೆ ಇದು ಸಣ್ಣದಲ್ಲ. ವಾರದಲ್ಲಿ ಒಂದು ದಿನ ಹೆಚ್ಚು ಓಡಿದರೆ ಸಿಗುವುದಕ್ಕೆ ಹೋಲಿಸಿದರೆ ದೊಡ್ಡದೂ ಅಲ್ಲ.

ಪ್ರಮಾಣದ ವಿಷಯದಲ್ಲಿ 2013ರ ಎಕ್ಸೆಟರ್ ಅಧ್ಯಯನ ಒಳ್ಳೆಯ ದಾರಿ ತೋರಿಸುತ್ತದೆ. ಗಟ್ಟಿ ಮಾಡಿದ ರಸವನ್ನು ಅವರು 70, 140, 280 ಮಿ.ಲೀ. ಹೀಗೆ ಮೂರು ಅಳತೆಗಳಲ್ಲಿ ಕೊಟ್ಟರು. ಅವುಗಳಲ್ಲಿದ್ದ ನೈಟ್ರೇಟ್ ಸುಮಾರು 260, 520 ಮತ್ತು 1040 ಮಿಲಿಗ್ರಾಂ. ಮೊದಲನೆಯದರಿಂದ ತಡೆದುಕೊಳ್ಳುವ ಹೊತ್ತು ಗಣನೀಯವಾಗಿ ಹೆಚ್ಚಲಿಲ್ಲ. ಎರಡನೆಯದರಿಂದ ಹೆಚ್ಚಿತು. ಮೂರನೆಯದು ಎರಡನೆಯದನ್ನು ಮೀರಲಿಲ್ಲ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2018ರಲ್ಲಿ ಪ್ರಕಟಿಸಿದ ತಜ್ಞರ ಅಭಿಪ್ರಾಯವೂ ಇದಕ್ಕೆ ಹತ್ತಿರವೇ ಇದೆ: ಓಟಕ್ಕೆ ಎರಡು ಮೂರು ಗಂಟೆ ಮೊದಲು 310ರಿಂದ 560 ಮಿಲಿಗ್ರಾಂ, ಮೂರಕ್ಕಿಂತ ಹೆಚ್ಚು ದಿನ ಮುಂಚಿನಿಂದ ಕುಡಿದಿದ್ದರೆ ಇನ್ನೂ ಒಳ್ಳೆಯದು.

ನಮ್ಮ ಓಟಗಾರರಿಗೆ ಇಲ್ಲೊಂದು ಪೇಚು. ಇಲ್ಲಿನ ಓಟಗಳು ಬಿಸಿಲಿಗೆ ಹೆದರಿ ನಸುಕಿನಲ್ಲೇ ಶುರುವಾಗುತ್ತವೆ. ಆರೂವರೆಗೆ ಓಟವಿದ್ದರೆ ನಾಲ್ಕು ಗಂಟೆಗೆ ರಸ ಹೊಟ್ಟೆಗಿಳಿದಿರಬೇಕು. ಆ ಹೊತ್ತಿನಲ್ಲಿ ಅರ್ಧ ಲೀಟರ್ ಹಸಿ ರಸ ಕುಡಿದರೆ ಎಷ್ಟೋ ಜನರಿಗೆ ಹೊಟ್ಟೆ ಗುಳುಗುಳು ಎನ್ನುತ್ತದೆ, ಕೆಲವರಿಗೆ ಭೇದಿಯೂ ಆಗುತ್ತದೆ. ಅದಕ್ಕೇ ಓಟದ ಹಿಂದಿನ ನಾಲ್ಕೈದು ದಿನ, ಸಲಕ್ಕೆ ಒಂದು ಲೋಟದಂತೆ ದಿನಕ್ಕೆ ಎರಡು ಸಲ ಕುಡಿದು, ಓಟದ ದಿನ ಎದ್ದ ತಕ್ಷಣ ಕಡಿಮೆ ಗಾತ್ರದ ಗಟ್ಟಿ ರಸ ಕುಡಿಯುವುದು ಹೆಚ್ಚು ಜಾಣತನ. ಇದನ್ನೆಲ್ಲ ಓಟದ ದಿನವೇ ಮೊದಲ ಬಾರಿಗೆ ಮಾಡಬಾರದು, ತಿಂಗಳು ಮೊದಲೇ ಅಭ್ಯಾಸದ ದಿನವೊಂದರಲ್ಲಿ ಹೊಟ್ಟೆ ಒಪ್ಪುತ್ತದೆಯೇ ಎಂದು ನೋಡಿಕೊಳ್ಳಬೇಕು.

ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಹೇಗೆ? ಮರುದಿನ ಮೂತ್ರ ಕೆಂಪಾದರೆ ರಸ ಮೈಗೆ ಹತ್ತಿತು ಎಂದು ಕೆಲವರು ಸಂತೋಷಪಡುತ್ತಾರೆ. ಆ ಬಣ್ಣ ಬೀಟ್‌ರೂಟ್‌ನ ವರ್ಣದ್ರವ್ಯದ್ದು, ನೈಟ್ರೇಟ್‌ಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲರಿಗೂ ಹಾಗೆ ಆಗುವುದೂ ಇಲ್ಲ. ಒಂದು ಸಲ ಕುಡಿದು ಓಡಿ, ಸಮಯ ಚೆನ್ನಾಗಿ ಬಂತು ಎಂದರೂ ಏನೂ ತಿಳಿದಂತಾಗಲಿಲ್ಲ. ಅರ್ಧ ಗಂಟೆಯಲ್ಲಿ 5 ಕಿ.ಮೀ. ಓಡುವವರಿಗೆ ಶೇ 1ರ ಲಾಭ ಎಂದರೆ 18 ಸೆಕೆಂಡು. ರಾತ್ರಿಯ ನಿದ್ದೆ, ಬೆಳಗಿನ ಸೆಕೆ, ಹಿಂದಿನ ದಿನದ ದಣಿವು ಇವುಗಳಿಂದಲೇ ಅದಕ್ಕಿಂತ ಹೆಚ್ಚು ಏರುಪೇರಾಗುತ್ತದೆ. ಅದೇ ಟ್ರ್ಯಾಕ್, ಅದೇ ಹೊತ್ತು, ಅದೇ ಬೂಟು ಇಟ್ಟುಕೊಂಡು ಒಂದು ವಾರ ರಸ ಕುಡಿದು, ಇನ್ನೊಂದು ವಾರ ಕುಡಿಯದೆ, ಹೀಗೆ ಹಲವು ಸಲ ಅದಲುಬದಲು ಮಾಡಿ ಓಡಿ ಬರೆದಿಟ್ಟರೆ ಒಂದು ಅಂದಾಜು ಸಿಗಬಹುದು. ಆಗಲೂ ಯಾವ ದಿನ ಏನು ಕುಡಿದೆ ಎಂದು ನಿಮಗೇ ಗೊತ್ತಿರುವುದರಿಂದ ಉಳಿದ ಹುರುಪನ್ನು ಕಳೆಯಲಾಗದು.

ಇನ್ನು ಅಡುಗೆಮನೆ. ಮನೆಯಲ್ಲಿ ಮಾಡಿದ ರಸದಲ್ಲಿ ನೈಟ್ರೇಟ್ ಎಷ್ಟಿದೆ ಎಂದು ಕಣ್ಣಳತೆಯಲ್ಲಿ ಹೇಳುವಂತಿಲ್ಲ. ಮಣ್ಣು, ಹಾಕಿದ ಗೊಬ್ಬರ, ಕಿತ್ತ ಕಾಲ ಇವುಗಳಿಗೆ ತಕ್ಕಂತೆ ಒಂದು ಗೆಡ್ಡೆಗೂ ಇನ್ನೊಂದಕ್ಕೂ ಬಹಳ ವ್ಯತ್ಯಾಸ. ಎಕ್ಸೆಟರ್‌ನ ಮೊದಲ ಪ್ರಯೋಗದ ಅರ್ಧ ಲೀಟರ್ ರಸದಲ್ಲಿ ಸುಮಾರು 350 ಮಿಲಿಗ್ರಾಂ ಇತ್ತು. ಮಿಕ್ಸಿಯಲ್ಲಿ ರುಬ್ಬಿ, ನೀರು ಬೆರೆಸದೆ ಬಟ್ಟೆಯಲ್ಲಿ ಹಿಂಡಿ ಅಷ್ಟು ರಸ ತೆಗೆಯಲು ಒಂದು ಕೆ.ಜಿ. ಹತ್ತಿರದಷ್ಟು ಬೀಟ್‌ರೂಟ್ ಬೇಕಾದೀತು. ಒಂದು ಗೆಡ್ಡೆ, ಎರಡು ಕ್ಯಾರೆಟ್, ಅರ್ಧ ಸೇಬು, ಮೇಲೆ ನೀರು ಹಾಕಿ ಮಾಡುವ ಜ್ಯೂಸ್ ರುಚಿಯಾಗಿರುತ್ತದೆ, ಓಟಕ್ಕೆ ಬೇಕಾದ ಪ್ರಮಾಣ ಅದರಲ್ಲಿರುವುದಿಲ್ಲ. ಅಂಗಡಿಯ ಬಾಟಲಿಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಮೆರಿಕದ ಆಂಡ್ರ್ಯೂ ಕಾಗನ್ ಮತ್ತು ಜೊತೆಗಾರರು ಕ್ರೀಡಾಪಟುಗಳಿಗಾಗಿ ಮಾರುವ ಬೀಟ್‌ರೂಟ್ ರಸ, ಪುಡಿಗಳನ್ನು ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದಾಗ, ಒಂದು ಸಲಕ್ಕೆ ಬೇಕಾದಷ್ಟು ನೈಟ್ರೇಟ್ ಇದ್ದದ್ದು ಕೆಲವೇ ಕೆಲವುಗಳಲ್ಲಿ. ಲೇಬಲ್ ಮೇಲೆ ನೈಟ್ರೇಟ್ ಎಷ್ಟು ಮಿಲಿಗ್ರಾಂ ಎಂದು ಬರೆದಿಲ್ಲದಿದ್ದರೆ ಅದಕ್ಕೆ ಹೆಚ್ಚು ದುಡ್ಡು ಸುರಿಯಬೇಡಿ.

ರಸವೇ ಆಗಬೇಕೆಂದಿಲ್ಲ. ಅಮೆರಿಕದ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದಲ್ಲಿ 2012ರಲ್ಲಿ ಹನ್ನೊಂದು ಮಂದಿ ಹವ್ಯಾಸಿ ಗಂಡಸರು ಹೆಂಗಸರಿಗೆ ಓಟಕ್ಕೆ ಒಂದೂಕಾಲು ಗಂಟೆ ಮೊದಲು 200 ಗ್ರಾಂ ಬೇಕ್ ಮಾಡಿದ ಬೀಟ್‌ರೂಟ್ ತಿನ್ನಿಸಿದರು. 5 ಕಿ.ಮೀ. ಓಟದಲ್ಲಿ ಅವರ ವೇಗ ಸರಾಸರಿ ಶೇ 3ರಷ್ಟು ಹೆಚ್ಚಿತು, ಕೊನೆಯ ಭಾಗದಲ್ಲಂತೂ ಇನ್ನೂ ಸ್ಪಷ್ಟವಾಗಿ. ಇಲ್ಲಿ ಗಮನಿಸಬೇಕಾದ್ದು ಬೇಯಿಸಿದ ರೀತಿ. ನೈಟ್ರೇಟ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ಬೀಟ್‌ರೂಟನ್ನು ಹೆಚ್ಚಿ, ನೀರಿನಲ್ಲಿ ಬೇಯಿಸಿ, ಕೆಂಪು ನೀರನ್ನು ಚೆಲ್ಲಿ ಪಲ್ಯ ಮಾಡಿದರೆ ಅದರ ಒಳ್ಳೆಯ ಪಾಲು ಸಿಂಕಿಗೆ ಹೋಯಿತು. ಒಗ್ಗರಣೆಗೆ ಹಾಕಿ, ಮುಚ್ಚಳದ ಕೆಳಗೆ ನೀರು ಚಿಮುಕಿಸಿ ಬೇಯಿಸಿದರೆ ಉಳಿಯುತ್ತದೆ. ನಮ್ಮ ಬಸ್ಸಾರು ಈ ಲೆಕ್ಕದಲ್ಲಿ ಜಾಣ ಅಡುಗೆ. ಸೊಪ್ಪು ಬೇಯಿಸಿ ಬಸಿದ ನೀರೇ ಸಾರಾಗುವುದರಿಂದ, ಪಲ್ಯ ಸಾರು ಎರಡನ್ನೂ ಉಂಡವರ ತಟ್ಟೆಗೆ ದಂಟಿನ ಸೊಪ್ಪಿನ ನೈಟ್ರೇಟ್ ಬಹುಪಾಲು ಬಂದು ಸೇರುತ್ತದೆ.

ಓಟದ ಆಚೆಗೂ ಈ ಸಂಶೋಧನೆ ಸಾಗಿದೆ. ರೋಗಿಗಳ ಪಾಲಿಗೆ ಓಟ ಎಂದರೆ ಮನೆಯಿಂದ ಅಂಗಡಿಯವರೆಗೆ ನಡೆದು ಬರುವುದು. ಕಾಲಿನ ರಕ್ತನಾಳ ಕಿರಿದಾಗಿ ನಾಲ್ಕು ಹೆಜ್ಜೆಗೆ ನೋವು ಬರುವವರ ಮೇಲೆ 2011ರಲ್ಲಿ ನಡೆದ ಸಣ್ಣ ಅಧ್ಯಯನದಲ್ಲಿ, ರಸ ಕುಡಿದಾಗ ನೋವು ಶುರುವಾಗುವ ಮುನ್ನ ಅವರು ಶೇ 18ರಷ್ಟು ಹೆಚ್ಚು ಹೊತ್ತು ನಡೆದರು. ದೀರ್ಘಕಾಲದ ಶ್ವಾಸಕೋಶ ಕಾಯಿಲೆಯವರಿಗೆ ಲಂಡನ್ನಿನಲ್ಲಿ ಹನ್ನೆರಡು ವಾರ ರಸ ಕೊಟ್ಟು ನೋಡಿದ ಪ್ರಯೋಗದಲ್ಲೂ ಆರು ನಿಮಿಷದಲ್ಲಿ ನಡೆಯುವ ದೂರ ಹೆಚ್ಚಿತು, ರಕ್ತದೊತ್ತಡ ಇಳಿಯಿತು. ಸಕ್ಕರೆ ಕಾಯಿಲೆಯವರಲ್ಲಿ ನಡೆದ ಅಧ್ಯಯನಗಳಲ್ಲಿ ಇಂಥ ಫಲ ಸಿಗಲಿಲ್ಲ. ಸ್ನಾಯುವಿಗೆ ಆಮ್ಲಜನಕ ಸಾಲದವರಿಗೆ ಹೆಚ್ಚು ಒದಗುತ್ತದೆ ಎಂಬ ಮೇಲಿನ ತರ್ಕಕ್ಕೆ ಮೊದಲ ಎರಡೂ ಹೊಂದುತ್ತವೆ. ಆದರೆ ಇದನ್ನು ಔಷಧಿಯ ಬದಲಿಗೆ ಬಳಸುವಂಥ ಹಂತ ಬಂದಿಲ್ಲ.

ಹಾಗೆ ನೋಡಿದರೆ ಎಚ್ಚರಿಕೆ ಬೇಕಾದದ್ದೂ ಇವರಿಗೇ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರಲ್ಲಿ ರಸ ಒತ್ತಡವನ್ನು ಇನ್ನಷ್ಟು ಇಳಿಸಿ ತಲೆ ಸುತ್ತಿಸಬಹುದು. ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ಮಾತ್ರೆ ಬಳಸುವವರು, ಪುರುಷರ ಲೈಂಗಿಕ ತೊಂದರೆಗೆ ಕೊಡುವ ಮಾತ್ರೆ ಬಳಸುವವರು ಡಾಕ್ಟರನ್ನು ಕೇಳದೆ ಈ ಪ್ರಮಾಣದ ರಸಕ್ಕೆ ಕೈಹಾಕಬಾರದು. ಬೀಟ್‌ರೂಟ್‌ನಲ್ಲಿ ಆಕ್ಸಲೇಟ್ ಹೆಚ್ಚು, ಮೂತ್ರಪಿಂಡದಲ್ಲಿ ಕಲ್ಲಾದವರು ದೂರವಿರುವುದು ಲೇಸು. ಪೊಟ್ಯಾಷಿಯಂ ಹೆಚ್ಚಿರುವುದರಿಂದ ಮೂತ್ರಪಿಂಡ ದುರ್ಬಲವಾದವರಿಗೂ ಇದು ಸಲ್ಲದು. ಅರ್ಧ ಲೀಟರ್ ರಸದಲ್ಲಿ ಹತ್ತಿರ ಹತ್ತಿರ 40 ಗ್ರಾಂ ಸಕ್ಕರೆ ಇರುತ್ತದೆ ಎಂಬುದನ್ನೂ ಮಧುಮೇಹಿಗಳು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಹಿಂಡಿದ ರಸವನ್ನು ಅಡುಗೆಮನೆಯ ಕಟ್ಟೆಯ ಮೇಲೆ ಗಂಟೆಗಟ್ಟಲೆ ಇಡಬಾರದು. ನಾಲಿಗೆಯ ಮೇಲೆ ಬ್ಯಾಕ್ಟೀರಿಯಾಗಳು ಮಾಡುವ ಕೆಲಸವನ್ನು ಸೆಕೆಯಲ್ಲಿಟ್ಟ ಪಾತ್ರೆಯಲ್ಲೂ ಅವು ಮಾಡುತ್ತವೆ, ರಸದಲ್ಲಿ ನೈಟ್ರೈಟ್ ಅಳತೆ ಮೀರಿ ತುಂಬಿಕೊಳ್ಳುತ್ತದೆ. ಅಷ್ಟು ನೈಟ್ರೈಟ್ ಒಮ್ಮೆಗೇ ಹೊಟ್ಟೆಗೆ ಹೋದರೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ, ತುಟಿ ಉಗುರು ನೀಲಿಗಟ್ಟುತ್ತವೆ. ಹಸುಗೂಸುಗಳಲ್ಲಿ ಇದು ಇನ್ನೂ ಕಡಿಮೆ ಪ್ರಮಾಣದಲ್ಲೇ ಆಗುವುದರಿಂದ ತೀರಾ ಎಳೆಯ ಮಕ್ಕಳಿಗೆ ಬೀಟ್‌ರೂಟ್ ರಸ ಕೊಡುವಂತೆಯೇ ಇಲ್ಲ. ಹಿಂಡಿದ್ದನ್ನು ಕೂಡಲೇ ಫ್ರಿಜ್ಜಿನಲ್ಲಿಟ್ಟು ಅದೇ ದಿನ ಕುಡಿದು ಮುಗಿಸಬೇಕು. ರಸ ತೆಗೆಯುವ ಕಷ್ಟ ಬೇಡವೆಂದು ನೈಟ್ರೇಟ್ ಅಥವಾ ನೈಟ್ರೈಟ್ ಲವಣದ ಪುಡಿಯನ್ನು ಕೊಂಡು ಮನೆಯ ತಕ್ಕಡಿಯಲ್ಲಿ ತೂಗಿ ಕುಡಿಯುವ ಯೋಚನೆ ಯಾರಿಗೂ ಬರಕೂಡದು. ನೋಡಲು ಎರಡೂ ಬಿಳಿ ಪುಡಿಗಳೇ, ಆದರೆ ನೈಟ್ರೈಟ್ ಕೆಲವೇ ಗ್ರಾಂ ಹೋದರೂ ಪ್ರಾಣ ತೆಗೆಯುತ್ತದೆ.